ನೂರರವರೆಗೆ ಎಣಿಸುವ ಮಗುವಿಗೆ ಎಂಟು ಬೀಜ ಎಣಿಸಿ ಕೊಡಲು ಬರುತ್ತದೆಯೇ?

ಮಗುವನ್ನು ಒಂದನೇ ತರಗತಿಗೆ ಸೇರಿಸಲು ಬರುವ ಅಪ್ಪ ಅಮ್ಮಂದಿರು ಶಿಕ್ಷಕರಿಗೆ ಹೇಳುವ ಮೊದಲ ಮಾತುಗಳಲ್ಲಿ ಇದೊಂದು ಇದ್ದೇ ಇರುತ್ತದೆ: "ಇವನಿಗೆ ನೂರರವರೆಗೆ ಬರುತ್ತೆ ಮೇಡಂ, ಅ ಆ ಇ ಈ ಪೂರ್ತಿ ಹೇಳ್ತಾನೆ." ಇನ್ನು ಕೆಲವರು ತಲೆ ತಗ್ಗಿಸಿ, "ಇವಳಿಗೆ ಏನೂ ಬರಲ್ಲ, ಅಂಗನವಾಡಿಗೆ ಹೋಗಿ ಬರ್ತಿದ್ಲು ಅಷ್ಟೆ" ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಮೊದಲನೆಯ ಮಗುವಿಗೆ ಸಂಖ್ಯೆ ಗೊತ್ತು, ಎರಡನೆಯದಕ್ಕೆ ಗೊತ್ತಿಲ್ಲ ಎಂದು ತೀರ್ಮಾನಿಸಲು ಈ ಎರಡು ಮಾತುಗಳು ಸಾಲುವುದಿಲ್ಲ. ಬಾಯಿಪಾಠ ಒಂದು ಕೌಶಲ, ಸಂಖ್ಯೆಯ ತಿಳಿವು ಇನ್ನೊಂದು. ಎರಡೂ ಜೊತೆಯಾಗಿಯೇ ಬೆಳೆಯಬೇಕೆಂದೇನೂ ಇಲ್ಲ.

ಇದನ್ನು ಕಂಡುಕೊಳ್ಳಲು ಶಾಲೆಯ ಮೊದಲ ವಾರದಲ್ಲಿ ಕೆಲವು ಸಣ್ಣ ಚಟುವಟಿಕೆಗಳನ್ನು ಮಾಡಿಸುವುದುಂಟು. ಕರ್ನಾಟಕದ ಶಾಲೆಗಳಲ್ಲಿ ವರ್ಷಾರಂಭದ ಸೇತುಬಂಧದಲ್ಲಿ ನಡೆಯುವ ನೈದಾನಿಕ ಪರೀಕ್ಷೆಯ ಹಿಂದಿರುವ ಯೋಚನೆಯೂ ಇದೇ: ಕಲಿಸುವ ಮೊದಲು ಮಗು ಎಲ್ಲಿದೆ ಎಂದು ನೋಡುವುದು. ಆದರೆ ಒಂದನೇ ತರಗತಿಯ ಮಗುವಿನ ಕೈಗೆ ಪ್ರಶ್ನೆಪತ್ರಿಕೆ ಕೊಡಲಾಗುವುದಿಲ್ಲ. ಒಂದು ಹಿಡಿ ಹುಣಸೆ ಬೀಜ, ಒಂದು ತೆಂಗಿನ ಚಿಪ್ಪು, ಒಂದು ಕಥೆ ಪುಸ್ತಕ, ಕೈಬರಹದ ಕೆಲವು ಮಿಂಚುಪಟ್ಟಿಗಳು ಇದ್ದರೆ ಸಾಕು. ಇವುಗಳಿಂದ ಏನೇನು ಗೊತ್ತಾಗುತ್ತದೆ, ಎಲ್ಲಿ ಮೋಸಹೋಗುವ ಸಾಧ್ಯತೆ ಇದೆ ಎಂಬುದನ್ನು ನೋಡೋಣ.

ಎಲ್ಲಿ ನಿಲ್ಲುತ್ತದೆ ಎಂಬುದನ್ನು ಕೇಳಿ

ಬಾಯಿಪಾಠದ ಎಣಿಕೆ ಪ್ರಯೋಜನಕ್ಕೆ ಬಾರದ್ದೇನಲ್ಲ. ಎಷ್ಟರವರೆಗೆ ಹೇಳಿತು ಎನ್ನುವುದಕ್ಕಿಂತ ಎಲ್ಲಿ ಮತ್ತು ಹೇಗೆ ನಿಂತಿತು ಎನ್ನುವುದು ಹೆಚ್ಚು ತಿಳಿಸುತ್ತದೆ. ಕನ್ನಡದಲ್ಲಿ ಒಂದರಿಂದ ಇಪ್ಪತ್ತರವರೆಗಿನ ಪದಗಳನ್ನು ಮಗು ಹೆಚ್ಚು ಕಡಿಮೆ ಒಂದೊಂದಾಗಿ ನೆನಪಿಟ್ಟುಕೊಳ್ಳಬೇಕು. ಹನ್ನೊಂದು, ಹನ್ನೆರಡು ಆದಮೇಲೆ ಹದಿಮೂರರಿಂದ ರೂಪ ಬದಲಾಗುತ್ತದೆ, ಹತ್ತೊಂಬತ್ತರಲ್ಲಿ ಮತ್ತೆ ಬದಲಾಗುತ್ತದೆ. ಇಪ್ಪತ್ತು ದಾಟಿದ ಮೇಲೆ ದಾರಿ ಸಲೀಸು. ಇಪ್ಪತ್ತೊಂದು, ಇಪ್ಪತ್ತೆರಡು ಎಂದು ಹಳೆಯ ಪದಗಳನ್ನೇ ಸೇರಿಸುತ್ತಾ ಹೋದರಾಯಿತು. ಆಮೇಲೆ ಬೇಕಾಗುವುದು ಮೂವತ್ತು, ನಲವತ್ತರಂಥ ಹತ್ತುಗಳ ಹೆಸರುಗಳು ಮಾತ್ರ.

ಹಾಗಾಗಿ ಹದಿನಾಲ್ಕಕ್ಕೆ ನಿಂತ ಮಗುವಿಗೂ ಇಪ್ಪತ್ತೊಂಬತ್ತಕ್ಕೆ ನಿಂತ ಮಗುವಿಗೂ ಇರುವ ಅಂತರ ಹದಿನೈದು ಸಂಖ್ಯೆಗಳದ್ದಷ್ಟೇ ಅಲ್ಲ. ಇಪ್ಪತ್ತೊಂಬತ್ತಕ್ಕೆ ನಿಂತು "ಆಮೇಲೆ ಯಾವುದು?" ಎಂದು ಮುಖ ನೋಡುವ ಮಗು ಪದಗಳ ಜೋಡಣೆಯ ನಿಯಮವನ್ನು ಹಿಡಿದಿದೆ, ಅದಕ್ಕೆ ಬೇಕಾಗಿರುವುದು ಮುಂದಿನ ಹತ್ತಿನ ಹೆಸರು. ನೀವು "ಮೂವತ್ತು" ಎಂದು ಎತ್ತಿಕೊಟ್ಟರೆ ಅದು ಮೂವತ್ತೊಂಬತ್ತರವರೆಗೆ ಓಡಿ ಮತ್ತೆ ನಿಲ್ಲುತ್ತದೆ. "ಇಪ್ಪತ್ತೊಂಬತ್ತು, ಇಪ್ಪತ್ತತ್ತು" ಎಂದು ಹೇಳುವ ಮಗುವಂತೂ ಯಾರೂ ಹೇಳಿಕೊಡದ ಪದವನ್ನು ನಿಯಮದಿಂದ ತಾನೇ ಕಟ್ಟಿದೆ. ನೋಡಿದವರು ನಗುತ್ತಾರೆ, ಆದರೆ ನನ್ನ ಲೆಕ್ಕದಲ್ಲಿ ಇದು ನೂರರವರೆಗೆ ರಾಗವಾಗಿ ಹೇಳುವುದಕ್ಕಿಂತ ಒಳ್ಳೆಯ ಸೂಚನೆ. ರಾಗವಾಗಿ ಹೇಳುವ ಮಗುವನ್ನು ಪರೀಕ್ಷಿಸಲು ಸುಲಭದ ಉಪಾಯವಿದೆ. "ಏಳರಿಂದ ಶುರುಮಾಡು" ಎನ್ನಿ. ಬರೀ ಹಾಡಾಗಿ ಕಲಿತಿದ್ದರೆ ಒಂದರಿಂದಲೇ ಆರಂಭಿಸಬೇಕಾಗುತ್ತದೆ, ಪಲ್ಲವಿ ಬಿಟ್ಟು ಚರಣದ ನಡುವಿನಿಂದ ಹಾಡಲು ನಮಗೆ ಕಷ್ಟವಾಗುವ ಹಾಗೆ.

ಬೀಜಗಳ ಪರೀಕ್ಷೆ

ಈಗ ವಸ್ತುಗಳಿಗೆ ಬರೋಣ. ಹತ್ತು ಬೀಜಗಳನ್ನು ಸಾಲಾಗಿ ಜೋಡಿಸದೆ ಹಾಗೇ ಚೆಲ್ಲಿ, "ಎಷ್ಟಿವೆ ಎಣಿಸು ನೋಡೋಣ" ಎನ್ನಿ. ರೋಶಲ್ ಗೆಲ್ಮನ್ ಮತ್ತು ಸಿ. ಆರ್. ಗ್ಯಾಲಿಸ್ಟೆಲ್ ಎಂಬ ಮನೋವಿಜ್ಞಾನಿಗಳು 1978ರ ತಮ್ಮ ಪುಸ್ತಕದಲ್ಲಿ ಎಣಿಕೆಯನ್ನು ಬಿಡಿಸಿ ತೋರಿಸಿದರು. ಒಂದು ವಸ್ತುವಿಗೆ ಒಂದೇ ಪದ ಹೇಳಬೇಕು, ಪದಗಳ ಕ್ರಮ ಪ್ರತಿಸಲವೂ ಅದೇ ಇರಬೇಕು, ಕೊನೆಗೆ ಹೇಳಿದ ಪದವೇ ಒಟ್ಟು ಎಷ್ಟು ಎಂಬುದಕ್ಕೆ ಉತ್ತರ ಎಂದು ಗೊತ್ತಿರಬೇಕು. ದೊಡ್ಡವರಿಗೆ ಒಂದೇ ಕೆಲಸದಂತೆ ಕಾಣುವ ಎಣಿಕೆಯಲ್ಲಿ ಇಷ್ಟೆಲ್ಲ ಸೇರಿಕೊಂಡಿದೆ, ಮಕ್ಕಳು ಇದರಲ್ಲಿ ಒಂದೊಂದು ಕಡೆ ಎಡವುತ್ತಾರೆ.

ಬಾಯಿ ಕೈಗಿಂತ ಮುಂದೆ ಓಡಿದರೆ ಎಂಟು ಬೀಜಕ್ಕೆ ಹತ್ತು ಪದಗಳು ಖರ್ಚಾಗುತ್ತವೆ. ಎಣಿಸಿದ್ದನ್ನು ಮತ್ತೆ ಎಣಿಸಿದರೆ ಹತ್ತು ಹನ್ನೆರಡಾಗುತ್ತದೆ. ಕೆಲವು ಮಕ್ಕಳು ಎಣಿಸಿದ ಬೀಜವನ್ನು ಪಕ್ಕಕ್ಕೆ ಸರಿಸುತ್ತಾ ಹೋಗುತ್ತಾರೆ. ಯಾರೂ ಹೇಳದೆ ಹೀಗೆ ಸರಿಸುವ ಮಗು ಮನೆಯಲ್ಲೋ ಅಂಗಡಿಯಲ್ಲೋ ನಿಜವಾದ ವಸ್ತುಗಳನ್ನು ಎಣಿಸಿದ್ದಿರಬಹುದು.

ಎಣಿಸಿ ಮುಗಿದಮೇಲೆ "ಹಾಗಾದ್ರೆ ಒಟ್ಟು ಎಷ್ಟಾಯ್ತು?" ಎಂದು ಕೇಳಬೇಕು. ಕೆಲವು ಮಕ್ಕಳು ಉತ್ತರ ಹೇಳುವ ಬದಲು ಮತ್ತೆ ಒಂದರಿಂದ ಎಣಿಸಲು ಶುರುಮಾಡುತ್ತಾರೆ. ಅವರ ಪಾಲಿಗೆ "ಎಷ್ಟು" ಎಂದರೆ "ಎಣಿಸುವ ಆಟ ಆಡು" ಎಂಬ ಸೂಚನೆ. ಇನ್ನು ಕೆಲವರು "ಹತ್ತು" ಎಂದು ಸರಿಯಾಗಿಯೇ ಹೇಳುತ್ತಾರೆ, ಆದರೆ ಇಲ್ಲೂ ಒಂದು ಬಲೆ ಇದೆ. ಕೊನೆಯ ಪದವನ್ನು ಜೋರಾಗಿ ಹೇಳಿದರೆ ದೊಡ್ಡವರು ಸುಮ್ಮನಾಗುತ್ತಾರೆ ಎಂದು ಮಗು ಕಲಿತಿರಬಹುದು.

ಆ ಬಲೆಯನ್ನು ದಾಟಲು ಪ್ರಶ್ನೆಯನ್ನು ತಿರುಗಿಸಬೇಕು. ಅಮೆರಿಕದ ಕ್ಯಾರನ್ ವಿನ್ 1990ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಹೆಸರಾದ ಚಟುವಟಿಕೆ ಇದು. ತಟ್ಟೆಯಲ್ಲಿ ಹದಿನೈದು ಬೀಜ ಇಟ್ಟು, ಒಂದು ಗೊಂಬೆಯನ್ನು ಮುಂದೆ ಕೂರಿಸಿ, "ಇವನಿಗೆ ಮೂರು ಬೀಜ ಕೊಡು" ಎನ್ನುವುದು. ಕೊಟ್ಟರೆ ಐದು ಕೇಳಿ, ಆಮೇಲೆ ಎಂಟು. ತಪ್ಪಿದರೆ ಕೆಳಗಿಳಿದು ಎರಡು, ಒಂದು ಕೇಳಿ. ಇಲ್ಲಿ ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಮಗುವೇ ನಿರ್ಧರಿಸಬೇಕು, ತಟ್ಟೆ ಖಾಲಿಯಾಗುವುದರಿಂದ ಅದಕ್ಕೆ ಸುಳಿವು ಸಿಗುವುದಿಲ್ಲ.

ವಿನ್ ಕಂಡದ್ದು ವಿಚಿತ್ರವಾಗಿತ್ತು. ಹತ್ತರವರೆಗೆ ಸರಾಗವಾಗಿ ಎಣಿಸುವ ಎಳೆಯ ಮಕ್ಕಳು ಕೂಡ ಐದು ಕೇಳಿದಾಗ ಎಣಿಸದೆ ಒಂದು ಹಿಡಿ ತೆಗೆದು ಕೊಟ್ಟುಬಿಡುತ್ತಿದ್ದರು. ಮೊದಲು ಮಗುವಿಗೆ "ಒಂದು" ಮಾತ್ರ ಅರ್ಥವಾಗಿರುತ್ತದೆ, ಮಿಕ್ಕದ್ದೆಲ್ಲ "ಬಹಳ". ಕೆಲವು ತಿಂಗಳ ನಂತರ "ಎರಡು", ಆಮೇಲೆ "ಮೂರು". ಹೀಗೆ ಒಂದೊಂದೇ ಮೆಟ್ಟಿಲು ಹತ್ತಿದ ಮೇಲೆ, ಸಾಮಾನ್ಯವಾಗಿ ಮೂರು ನಾಲ್ಕು ದಾಟುವಾಗ, ಎಣಿಸಿದರೆ ಯಾವ ಸಂಖ್ಯೆಯನ್ನಾದರೂ ಕೊಡಬಹುದು ಎಂಬುದು ಮಗುವಿಗೆ ಹೊಳೆಯುತ್ತದೆ. ಅವರು ನೋಡಿದ ಮಕ್ಕಳಲ್ಲಿ ಇದು ಮೂರೂವರೆ ವರ್ಷದ ಆಸುಪಾಸಿನಲ್ಲಿ ನಡೆಯುತ್ತಿತ್ತು. ಯಾವ ಬಗೆಯ ಮನೆ, ಎಷ್ಟು ಎಣಿಕೆಯ ಮಾತು ಕಿವಿಗೆ ಬೀಳುತ್ತದೆ ಎಂಬುದರ ಮೇಲೆ ಈ ವಯಸ್ಸು ಹಿಂದು ಮುಂದಾಗುತ್ತದೆ. ಒಂದನೇ ತರಗತಿಗೆ ಬರುವ ಹೆಚ್ಚಿನ ಮಕ್ಕಳು ಈ ಹೊಸ್ತಿಲು ದಾಟಿರುತ್ತಾರೆ. ದಾಟದ ಒಬ್ಬಿಬ್ಬರು ತರಗತಿಯಲ್ಲಿದ್ದರೆ ಅವರನ್ನು ಮೊದಲ ವಾರದಲ್ಲೇ ಗುರುತಿಸುವುದು ಬಹಳ ಮುಖ್ಯ. ಐದು ಎಂದರೆ ಎಷ್ಟು ಎಂದು ತಿಳಿಯದ ಮಗುವಿಗೆ ಐದಕ್ಕೆ ಮೂರು ಕೂಡಿಸು ಎಂದರೆ ಅದು ಬರೆಯುವ ಆಕಾರಗಳನ್ನು ಬಾಯಿಪಾಠ ಮಾಡುತ್ತದೆ, ಅಷ್ಟೆ. ಆ ಬಾಯಿಪಾಠ ಎರಡನೇ ತರಗತಿಯವರೆಗೂ ಯಾರ ಕಣ್ಣಿಗೂ ಬೀಳದೆ ಸಾಗಬಲ್ಲದು.

ಕೊನೆಯದಾಗಿ ಚಿಪ್ಪಿನ ಆಟ. ಮೂರು ಬೀಜಗಳನ್ನು ಮಗುವಿನ ಎದುರೇ ತೆಂಗಿನ ಚಿಪ್ಪಿನ ಕೆಳಗೆ ಮುಚ್ಚಿ, ಇನ್ನೂ ಎರಡನ್ನು ಒಳಗೆ ತೂರಿಸಿ, "ಈಗ ಒಳಗೆ ಎಷ್ಟಿವೆ?" ಎಂದು ಕೇಳುವುದು. ಬ್ರಿಟನ್ನಿನ ಮಾರ್ಟಿನ್ ಹ್ಯೂಸ್ ಪೆಟ್ಟಿಗೆಯೊಂದನ್ನು ಇಟ್ಟುಕೊಂಡು ಇಂಥದ್ದೇ ಆಟವನ್ನು ಶಾಲೆಗೆ ಹೋಗದ ಮಕ್ಕಳ ಜೊತೆ ಆಡಿದರು. ಪೆಟ್ಟಿಗೆಯಲ್ಲಿ ಎರಡಿದ್ದು ಇನ್ನೊಂದು ಹಾಕಿದರೆ ಎಷ್ಟು ಎಂದು ಹೇಳುವ ಮಕ್ಕಳೇ "ಎರಡು ಮತ್ತು ಒಂದು ಎಷ್ಟು?" ಎಂದು ಬರೀ ಮಾತಿನಲ್ಲಿ ಕೇಳಿದರೆ ಕಕ್ಕಾಬಿಕ್ಕಿಯಾಗುತ್ತಿದ್ದರು. ಮಗುವಿಗೆ ಲೆಕ್ಕ ಗೊತ್ತಿದೆ, ಲೆಕ್ಕದ ಭಾಷೆ ಇನ್ನೂ ಗೊತ್ತಿಲ್ಲ. ಉತ್ತರದ ಜೊತೆಗೆ ಬೆರಳುಗಳ ಕಡೆಯೂ ಕಣ್ಣಿರಲಿ. ಒಂದರಿಂದ ಐದರವರೆಗೆ ಪೂರ್ತಿ ಎಣಿಸುವ ಮಗುವಿಗಿಂತ, "ಮೂರು..." ಎಂದು ಹಿಡಿದು "ನಾಕು, ಐದು" ಎನ್ನುವ ಮಗು ಒಂದು ಹೆಜ್ಜೆ ಮುಂದಿದೆ.

ಕೇಳುವ ರೀತಿಯೇ ಉತ್ತರವನ್ನು ಬದಲಿಸಿದಾಗ

ಸಂವಹನ ಓದಿದವಳಾದ ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಕುತೂಹಲ ಹುಟ್ಟಿಸುವುದು ಇದೇ ಭಾಗ. ಜೀನ್ ಪಿಯಾಜೆಯ ಪ್ರಸಿದ್ಧ ಪ್ರಯೋಗವನ್ನು ಬಿ.ಎಡ್. ಓದಿದವರೆಲ್ಲ ಕೇಳಿರುತ್ತಾರೆ. ಎರಡು ಸಾಲು ಗುಂಡಿಗಳನ್ನು ಸಮನಾಗಿ ಜೋಡಿಸಿ "ಎರಡರಲ್ಲೂ ಅಷ್ಟೇ ಇವೆಯಾ?" ಎಂದು ಕೇಳುತ್ತಾರೆ. ಆಮೇಲೆ ಮಗುವಿನ ಎದುರೇ ಒಂದು ಸಾಲನ್ನು ಹರಡಿ ಉದ್ದ ಮಾಡಿ ಅದೇ ಪ್ರಶ್ನೆ ಕೇಳುತ್ತಾರೆ. ಆರು ವರ್ಷದೊಳಗಿನ ಬಹುಪಾಲು ಮಕ್ಕಳು ಉದ್ದದ ಸಾಲಿನಲ್ಲೇ ಜಾಸ್ತಿ ಇವೆ ಎನ್ನುತ್ತಾರೆ.

1974ರಲ್ಲಿ ಜೇಮ್ಸ್ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಇದನ್ನು ಸ್ವಲ್ಪ ಬದಲಿಸಿದರು. ಸಾಲನ್ನು ಕೆಡಿಸುವುದು ಪರೀಕ್ಷೆ ಮಾಡುವವರಲ್ಲ, ಎಲ್ಲಿಂದಲೋ ನುಗ್ಗಿಬರುವ ಒಂದು ತುಂಟ ಕರಡಿ ಗೊಂಬೆ. ಆಗ "ಎರಡೂ ಅಷ್ಟೇ ಇವೆ" ಎಂದವರ ಸಂಖ್ಯೆ ಎದ್ದು ಕಾಣುವಷ್ಟು ಏರಿತು. ಸಂಶೋಧಕರು ಇದನ್ನು ಹೀಗೆ ಅರ್ಥಮಾಡಿದರು: ದೊಡ್ಡವರೊಬ್ಬರು ಬೇಕೆಂದೇ ಏನನ್ನೋ ಬದಲಾಯಿಸಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ, ಉತ್ತರವೂ ಬದಲಾಗಬೇಕು ಎಂದು ಮಗು ಊಹಿಸುತ್ತದೆ. ಅದು ಸಂಖ್ಯೆಯ ತಪ್ಪಲ್ಲ, ಮನುಷ್ಯರನ್ನು ಓದುವುದರಲ್ಲಿ ಮಗು ತೋರಿದ ಜಾಣತನ. ಈ ವಿವರಣೆಯ ಬಗ್ಗೆ ಆಮೇಲೆ ಚರ್ಚೆಗಳು ನಡೆದಿವೆ, ಆದರೆ ಮಾತಿನ ಸಂದರ್ಭ ಉತ್ತರವನ್ನು ಎಳೆದಾಡುತ್ತದೆ ಎಂಬುದರಲ್ಲಿ ಸಂದೇಹವಿಲ್ಲ.

ನಮ್ಮ ತರಗತಿಯಲ್ಲಿ ಇದರ ರೂಪ ನಿಮಗೆ ಗೊತ್ತೇ ಇದೆ. ಮಗು ತಪ್ಪು ಹೇಳಿದಾಗ ಮಾತ್ರ "ಸರಿಯಾಗಿ ನೋಡು, ಇನ್ನೊಂದ್ಸಲ ಎಣಿಸು" ಎನ್ನುತ್ತೇವೆ. ಎರಡೇ ದಿನದಲ್ಲಿ ಮಕ್ಕಳು ಆ ಮಾತಿನ ಅರ್ಥವನ್ನು ಕಂಡುಹಿಡಿಯುತ್ತಾರೆ, ಮುಂದೆ ಎಣಿಸುವ ಗೋಜಿಗೆ ಹೋಗದೆ ಉತ್ತರ ಬದಲಿಸುತ್ತಾರೆ. ಬೀಜ ಕೊಡುವ ಆಟದಲ್ಲಿ "ಇವು ಎಂಟಿವೆಯಾ? ಎಣಿಸಿ ತೋರಿಸು" ಎಂದು ಕೇಳುವುದಿದ್ದರೆ ಸರಿ ಕೊಟ್ಟಾಗಲೂ ತಪ್ಪು ಕೊಟ್ಟಾಗಲೂ ಒಂದೇ ಸ್ವರದಲ್ಲಿ ಕೇಳಬೇಕು. "ಶಭಾಷ್" ಅನ್ನುವುದನ್ನು ಕೂಡ ಪರೀಕ್ಷೆ ಮುಗಿಯುವವರೆಗೆ ತಡೆಹಿಡಿಯಬೇಕು. ಶಿಕ್ಷಕರಿಗೆ ಇದು ನಿಜಕ್ಕೂ ಕಷ್ಟ, ಕಲಿಸುವ ಅಭ್ಯಾಸ ನಾಲಿಗೆಯ ತುದಿಯಲ್ಲಿರುತ್ತದೆ. "ಸರಿ, ಆಯ್ತು. ಈಗ ಇದು ನೋಡೋಣ" ಎಂಬ ಒಂದೇ ಮಾತನ್ನು ಎಲ್ಲ ಉತ್ತರಕ್ಕೂ ಬಳಸಿದರೆ ನಿಭಾಯಿಸಬಹುದು.

ಆನೆ ದೊಡ್ಡದೋ, ಇರುವೆ ದೊಡ್ಡದೋ?

ಅಕ್ಷರದ ಕಡೆ ಬಂದರೆ, ಮೊದಲು ನೋಡಬೇಕಾದದ್ದು ಅಕ್ಷರವನ್ನೇ ಅಲ್ಲ, ಪುಸ್ತಕವನ್ನು. ನ್ಯೂಜಿಲೆಂಡಿನ ಮರೀ ಕ್ಲೇ ಐದಾರು ವರ್ಷದ ಮಕ್ಕಳಿಗಾಗಿ 1972ರಲ್ಲಿ ಇದಕ್ಕೆಂದೇ ಒಂದು ಪುಟ್ಟ ಪುಸ್ತಕ ಮಾಡಿಸಿದರು. ಅದರ ಉಪಾಯವನ್ನು ಯಾವ ಕಥೆ ಪುಸ್ತಕದಿಂದಲಾದರೂ ಮಾಡಬಹುದು. ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಮಗುವಿಗೆ ಕೊಡಿ, ತಿರುಗಿಸಿಕೊಳ್ಳುತ್ತದೆಯೇ ನೋಡಿ. "ನಾನು ನಿಂಗೆ ಕಥೆ ಓದ್ತೀನಿ, ಎಲ್ಲಿಂದ ಓದ್ಲಿ ತೋರ್ಸು" ಎನ್ನಿ. ಕೆಲವರು ಚಿತ್ರವನ್ನು ತೋರಿಸುತ್ತಾರೆ. ಕಥೆ ಇರುವುದು ಚಿತ್ರದಲ್ಲಿ, ಕೆಳಗಿನ ಕಪ್ಪು ಗೀಟುಗಳಲ್ಲಲ್ಲ ಎಂಬುದು ಅವರ ಈಗಿನ ತಿಳಿವಳಿಕೆ. "ಇಲ್ಲಿಂದ ಯಾವ ಕಡೆ ಹೋಗ್ಲಿ? ಸಾಲು ಮುಗಿದ ಮೇಲೆ?" ಎಂದು ಮುಂದುವರಿಸಿ. ಬಲದಿಂದ ಎಡಕ್ಕೆ ಬೆರಳು ಓಡಿಸುವ ಮಗು ಸಿಕ್ಕಿದರೆ ತಪ್ಪು ಎಂದು ಬರೆಯುವ ಮೊದಲು ಮನೆಯಲ್ಲಿ ಉರ್ದುವೋ ಅರೇಬಿಕ್ಕೋ ಓದುವವರಿದ್ದಾರೆಯೇ ಎಂದು ವಿಚಾರಿಸಿ. ಹಾಗಿದ್ದರೆ ಆ ಮಗುವಿಗೆ ಬರಹದ ದಿಕ್ಕಿನ ಅರಿವು ಚೆನ್ನಾಗಿಯೇ ಇದೆ, ಅದು ಬೇರೆ ಲಿಪಿಯದು ಅಷ್ಟೆ.

ಇನ್ನೊಂದು ಚಟುವಟಿಕೆಗೆ ಕನ್ನಡ ಹೇಳಿಮಾಡಿಸಿದ ಭಾಷೆ. ಅರ್ಜೆಂಟೀನಾದಲ್ಲಿ ಹುಟ್ಟಿ ಮೆಕ್ಸಿಕೊದಲ್ಲಿ ದುಡಿದ ಎಮಿಲಿಯಾ ಫೆರೇರೊ, ಆನಾ ತೆಬೆರೋಸ್ಕಿಯವರ ಜೊತೆ ಸೇರಿ 1979ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಓದು ಬಾರದ ಮಕ್ಕಳಿಗೂ ಬರಹದ ಬಗ್ಗೆ ತಮ್ಮದೇ ಸಿದ್ಧಾಂತಗಳಿರುತ್ತವೆ ಎಂದು ತೋರಿಸಿದರು. ಅದರಲ್ಲೊಂದು, ದೊಡ್ಡ ವಸ್ತುವಿನ ಹೆಸರನ್ನು ಉದ್ದವಾಗಿ ಬರೆಯಬೇಕು ಎಂಬುದು. ಎರಡು ಮಿಂಚುಪಟ್ಟಿಗಳಲ್ಲಿ "ಆನೆ", "ಇರುವೆ" ಎಂದು ಒಂದೇ ಗಾತ್ರದ ಅಕ್ಷರಗಳಲ್ಲಿ ಬರೆದು, ಓದಿ ಹೇಳದೆ ಮುಂದಿಟ್ಟು, "ಇದರಲ್ಲಿ ಒಂದು ಆನೆ, ಒಂದು ಇರುವೆ. ಯಾವುದು ಯಾವುದು?" ಎಂದು ಕೇಳಿ. ಉದ್ದದ ಪಟ್ಟಿಯನ್ನು ತೋರಿಸಿ "ಇದು ಆನೆ, ಯಾಕಂದ್ರೆ ದೊಡ್ಡದು" ಎನ್ನುವ ಮಗು ಬರಹ ವಸ್ತುವಿನ ಚಿತ್ರವಿದ್ದಂತೆ ಎಂದುಕೊಂಡಿದೆ. "ಇ-ರು-ವೆ" ಎಂದು ಬಾಯಲ್ಲಿ ಬಿಡಿಸಿ ಉದ್ದದ್ದನ್ನು ಇರುವೆಗೆ ಕೊಡುವ ಮಗುವಿಗೆ ಒಂದೂ ಅಕ್ಷರ ಗೊತ್ತಿಲ್ಲದಿರಬಹುದು, ಆದರೆ ಬರಹ ಬಾಯಿಂದ ಬರುವ ಸದ್ದನ್ನು ಹಿಡಿಯುತ್ತದೆ ಎಂಬ ದೊಡ್ಡ ಗುಟ್ಟು ಅದಕ್ಕೆ ಸಿಕ್ಕಿದೆ. ಎರಡೇ ಪಟ್ಟಿಗಳಿರುವುದರಿಂದ ಊಹೆಯಿಂದಲೂ ಸರಿಯಾಗಬಹುದು. ಅದಕ್ಕೇ "ಹೇಗೆ ಗೊತ್ತಾಯ್ತು?" ಎಂಬ ಪ್ರಶ್ನೆ ಬೇಕೇ ಬೇಕು.

ಸದ್ದನ್ನು ಬಿಡಿಸುವುದು ಬರುತ್ತದೆಯೇ ಎಂದು ನೋಡಲು ಚಪ್ಪಾಳೆ ಸಾಕು. ಮ-ರ ಎಂದು ಎರಡು, ಕ-ಮ-ಲ ಎಂದು ಮೂರು ತಟ್ಟಿ ತೋರಿಸಿ, ಆಮೇಲೆ ಮಗುವಿನ ಹೆಸರಿಗೆ ತಟ್ಟಿಸಿ. ಕನ್ನಡದ ಒಂದು ಅಕ್ಷರ ಹೆಚ್ಚುಕಡಿಮೆ ಒಂದು ಉಲಿಯ ತುಂಡಿಗೆ ಸಮನಾಗಿರುವುದರಿಂದ ಈ ಕೌಶಲ ನಮ್ಮ ಲಿಪಿಗೆ ನೇರವಾಗಿ ಒದಗುತ್ತದೆ. ಇಂಗ್ಲಿಷ್ ಪರೀಕ್ಷೆಗಳನ್ನು ನೋಡಿ ಕನ್ನಡದ ಮಗುವಿಗೂ "ಮರ ಪದದಲ್ಲಿ ಮೊದಲ ಸದ್ದು ಮ್" ಎಂಬ ಉತ್ತರವನ್ನು ನಿರೀಕ್ಷಿಸುವುದು ಸರಿಯಲ್ಲ. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್ನಿನ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಕನ್ನಡ ಓದಿನ ಅಧ್ಯಯನದಲ್ಲಿ, ಮಕ್ಕಳಿಗೆ ಹೀಗೆ ಸ್ವರ ವ್ಯಂಜನಗಳನ್ನು ಬೇರೆ ಮಾಡುವ ಅರಿವು ನಿಧಾನವಾಗಿ ಮೂಡುತ್ತದೆ, ಅಕ್ಷರಗಳ ಪೂರ್ತಿ ಕಲಿಕೆಯೂ ಮೊದಲ ಒಂದೆರಡು ತರಗತಿಗಳಲ್ಲಿ ಮುಗಿಯುವುದಿಲ್ಲ ಎಂದು ಕಂಡುಬಂತು. ಕಾಗುಣಿತ ಒತ್ತಕ್ಷರಗಳೆಲ್ಲ ಸೇರಿದರೆ ಕಲಿಯಬೇಕಾದ ರೂಪಗಳು ನೂರಾರು. ಇಂಗ್ಲಿಷಿನ ಇಪ್ಪತ್ತಾರರ ಅಳತೆಗೋಲು ಇಲ್ಲಿ ನಡೆಯುವುದಿಲ್ಲ.

ಅಕ್ಷರ ಗುರುತಿಸುವುದಕ್ಕೆ ಎಂಟು ಹತ್ತು ಮಿಂಚುಪಟ್ಟಿ ಸಾಕು. ನಲಿಕಲಿಯಲ್ಲಿ ಕಲಿಕೆ ಶುರುವಾಗುವುದು ವರ್ಣಮಾಲೆಯ ಕ್ರಮದಲ್ಲಲ್ಲ, ರ ಗ ಸ ದ ಅ ಎಂಬ ಗುಂಪಿನಿಂದ. ಆಮೇಲೆ ಜ ವ ಮ ಬ ನ. ಈ ಹತ್ತನ್ನೇ ಕ್ರಮ ತಪ್ಪಿಸಿ ತೋರಿಸಿದರೆ ಮುಂದಿನ ಪಾಠಕ್ಕೂ ಹೊಂದುತ್ತದೆ. ಇಲ್ಲೂ ಮಕ್ಕಳ ತಪ್ಪುಗಳಲ್ಲಿ ಬಗೆಗಳಿವೆ. "ಗ" ನೋಡಿ "ಕ ಖ ಗ" ಎಂದು ಮೆಲ್ಲಗೆ ಹಾಡಿ ತಲುಪುವ ಮಗುವಿಗೆ ಅಕ್ಷರ ಗೊತ್ತು, ಆದರೆ ಸಾಲಿನ ಆಸರೆ ಬೇಕು. "ಅ" ನೋಡಿ "ಅಗಸ" ಎಂದುಬಿಡುವ ಮಗುವಿಗೆ ಆ ಆಕಾರದ ಹೆಸರೇ ಅಗಸ, ಗೋಡೆಯ ಪಟದಲ್ಲಿದ್ದ ಚಿತ್ರ ಅಕ್ಷರಕ್ಕೆ ಅಂಟಿಕೊಂಡಿದೆ. "ವ" ಮತ್ತು "ಮ" ಅದಲು ಬದಲಾದರೆ ಮಗು ಆಕಾರವನ್ನು ಗಮನಿಸುತ್ತಿದೆ, ಸಣ್ಣ ವ್ಯತ್ಯಾಸ ಇನ್ನೂ ಕಣ್ಣಿಗೆ ಬಿದ್ದಿಲ್ಲ. ಪಟ್ಟಿಯಲ್ಲಿ ಬರೀ "ಗೊತ್ತಿಲ್ಲ" ಎಂದು ಗೀಟು ಹಾಕಿದರೆ ಇವೆಲ್ಲ ಒಂದೇ ಆಗಿಬಿಡುತ್ತವೆ.

ಇಬ್ಬರು ಮಕ್ಕಳು

ಇದೆಲ್ಲ ಒಟ್ಟಿಗೆ ಹೇಗೆ ಕಾಣುತ್ತದೆ ಎಂದು ತಿಳಿಯಲು ಒಂದೇ ಬೆಂಚಿನ ಇಬ್ಬರನ್ನು ಊಹಿಸಿಕೊಳ್ಳೋಣ. ಹುಡುಗ ಎರಡು ವರ್ಷ ಇಂಗ್ಲಿಷ್ ಮಾಧ್ಯಮದ ಎಲ್‌ಕೆಜಿ, ಯುಕೆಜಿ ಮುಗಿಸಿ ಬಂದಿದ್ದಾನೆ. ಹುಡುಗಿ ಅಂಗನವಾಡಿಯಿಂದ ಬಂದವಳು, ಅಮ್ಮ ಸಂತೆಯಲ್ಲಿ ನಿಂಬೆಹಣ್ಣು, ಸೊಪ್ಪು ಮಾರುವಾಗ ಪಕ್ಕದಲ್ಲಿ ಕೂರುವವಳು.

ಹುಡುಗ "ಒನ್ ಟೂ ತ್ರೀ" ಎಂದು ಹಂಡ್ರೆಡ್‌ವರೆಗೆ ನಿಲ್ಲದೆ ಹೇಳುತ್ತಾನೆ. ಕನ್ನಡದಲ್ಲಿ ಹತ್ತಕ್ಕೆ ನಿಲ್ಲುತ್ತಾನೆ. ಸೆವೆನ್‌ನಿಂದ ಶುರುಮಾಡು ಎಂದರೆ ಒನ್‌ಗೆ ಹೋಗುತ್ತಾನೆ. ಚೆಲ್ಲಿದ ಹತ್ತು ಬೀಜ ಅವನಿಗೆ ಟ್ವೆಲ್ವ್ ಆಗುತ್ತದೆ. ಮೂರು, ಐದು ಸರಿಯಾಗಿ ಕೊಡುತ್ತಾನೆ. ಎಂಟು ಕೇಳಿದಾಗ ಮೊದಲು ಕನ್ನಡದ ಪದ ಅರ್ಥವಾಗದೆ ನೋಡುತ್ತಾನೆ, "ಏಯ್ಟ್" ಎಂದಮೇಲೆ ಎಣಿಸಲು ಆರಂಭಿಸಿ ಹನ್ನೊಂದರಲ್ಲಿ ನಿಲ್ಲುತ್ತಾನೆ. ಚಿಪ್ಪಿನ ಕೆಳಗೆ ಮೂರು ಮತ್ತು ಎರಡು ಇದ್ದಾಗ "ಟೂ" ಎನ್ನುತ್ತಾನೆ, ಕೊನೆಗೆ ಕಂಡದ್ದು ಎರಡೇ ತಾನೆ. ಪುಸ್ತಕ ತಿರುಗಿಸಿ ಹಿಡಿಯುತ್ತಾನೆ, ಎಡದಿಂದ ಬಲಕ್ಕೆ ಬೆರಳಾಡಿಸುತ್ತಾನೆ, ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುತ್ತಾನೆ. ಕನ್ನಡದ ಪಟ್ಟಿಗಳಲ್ಲಿ "ಅ" ಮಾತ್ರ ಗೊತ್ತು. ಉದ್ದದ ಪಟ್ಟಿಯನ್ನು ಆನೆಗೆ ಕೊಡುತ್ತಾನೆ.

ಹುಡುಗಿ ಇಪ್ಪತ್ತೊಂಬತ್ತರವರೆಗೆ ಹೇಳಿ "ಇಪ್ಪತ್ತತ್ತು" ಎನ್ನುತ್ತಾಳೆ. ಏಳರಿಂದ ಶುರುಮಾಡಬಲ್ಲಳು. ಬೀಜಗಳನ್ನು ಎರಡೆರಡಾಗಿ ಸರಿಸಿ ಹತ್ತು ಎನ್ನುತ್ತಾಳೆ, ಎಂಟು ಕೇಳಿದರೆ ಎಂಟೇ ಕೊಡುತ್ತಾಳೆ. ಚಿಪ್ಪಿನ ಪ್ರಶ್ನೆಗೆ ಬೆರಳು ಮಡಚಿ ಐದು ಎನ್ನುತ್ತಾಳೆ. ಬರೆದ ಅಂಕಿಗಳಲ್ಲಿ 5, 10 ಗುರುತಿಸುತ್ತಾಳೆ, ಅವು ನಾಣ್ಯ ನೋಟಿನ ಮೇಲಿರುವಂಥವು. 7 ಗೊತ್ತಿಲ್ಲ. ಪುಸ್ತಕವನ್ನು ತಲೆಕೆಳಗಾಗಿಯೇ ಹಿಡಿಯುತ್ತಾಳೆ, ಓದುವ ಜಾಗ ಎಂದು ಚಿತ್ರ ತೋರಿಸುತ್ತಾಳೆ, ಒಂದೂ ಅಕ್ಷರ ಹೇಳುವುದಿಲ್ಲ. ಆದರೆ ಚಪ್ಪಾಳೆ ಒಂದೂ ತಪ್ಪುವುದಿಲ್ಲ.

ಇಬ್ಬರಿಗೂ "1ರಿಂದ 100 ಬರೆ, ಅ ಆ ಇ ಈ ಹೇಳು" ಎಂಬ ಪರೀಕ್ಷೆ ಕೊಟ್ಟಿದ್ದರೆ ಹುಡುಗನಿಗೆ ಒಳ್ಳೆಯ ಅಂಕ ಬರುತ್ತಿತ್ತು, ಹುಡುಗಿಗೆ ಸೊನ್ನೆಯ ಹತ್ತಿರ. ಬೀಜ ಮತ್ತು ಪುಸ್ತಕ ನೋಡಿದ ಶಿಕ್ಷಕಿಗೆ ಕಾಣುವುದೇ ಬೇರೆ. ಹುಡುಗನಿಗೆ ಬೇಕಾದದ್ದು ಹತ್ತರೊಳಗಿನ ವಸ್ತುಗಳನ್ನು ಸರಿಸಿ ಎಣಿಸುವ ಅಭ್ಯಾಸ, ಅದೇ ವೇಳೆಗೆ ಕನ್ನಡದ ಸಂಖ್ಯಾಪದಗಳು, ಚಪ್ಪಾಳೆಯ ಆಟ. ದೊಡ್ಡ ಸಂಖ್ಯೆ ಬರೆಸುವುದರಿಂದ ಅವನಿಗೆ ಸದ್ಯಕ್ಕೆ ಏನೂ ಸಿಗುವುದಿಲ್ಲ. ಹುಡುಗಿ ಕೂಡುವ ಲೆಕ್ಕಕ್ಕೆ ಸಿದ್ಧಳಿದ್ದಾಳೆ, ಗೊತ್ತಿರುವ ಎಣಿಕೆಗೆ ಅಂಕಿಯ ಆಕಾರ ಜೋಡಿಸಿಕೊಟ್ಟರಾಯಿತು. ಆದರೆ ಅವಳ ಮುಂದೆ ಕೂತು, ಬೆರಳಿಟ್ಟು, ದಿನವೂ ಕಥೆ ಓದುವವರು ಯಾರಾದರೂ ಬೇಕು. ಅಕ್ಷರ ತಿದ್ದಿಸುವುದನ್ನು ಅದಕ್ಕಿಂತ ಮೊದಲೇ ಶುರುಮಾಡಿದರೆ ಅವಳ ಪಾಲಿಗೆ ಅದು ಅರ್ಥವಿಲ್ಲದ ಗೀಟು.

ಒಬ್ಬರೇ ಶಿಕ್ಷಕರಿದ್ದರೆ?

ಒಂದು ಮಗುವಿಗೆ ಹನ್ನೆರಡು ನಿಮಿಷ ಎಂದುಕೊಂಡರೂ ಇಪ್ಪತ್ತು ಮಕ್ಕಳಿಗೆ ನಾಲ್ಕು ಗಂಟೆ. ಐದು ದಿನಕ್ಕೆ ಹಂಚಿದರೆ ದಿನಕ್ಕೆ ನಾಲ್ಕು ಮಕ್ಕಳು, ನಲವತ್ತೆಂಟು ನಿಮಿಷ. ಉಳಿದವರು ಮಣ್ಣಿನಲ್ಲೋ ಬಣ್ಣದಲ್ಲೋ ಆಡುವಾಗ ಇದು ಆಗುವ ಕೆಲಸವೇ. ಎನ್‌ಸಿಇಆರ್‌ಟಿ 2021ರಲ್ಲಿ ತಂದ ವಿದ್ಯಾಪ್ರವೇಶದ ಮೊದಲ ಮೂರು ತಿಂಗಳು ಆಟದ ಮೂಲಕ ಶಾಲೆಗೆ ಹೊಂದಿಸುವುದಕ್ಕೇ ಮೀಸಲಾಗಿರುವುದರಿಂದ ಇದಕ್ಕೆ ಜಾಗವೂ ಇದೆ. ಸಂಖ್ಯೆ ಒಂದು ದಿನ, ಅಕ್ಷರ ಇನ್ನೊಂದು ದಿನ ಮಾಡುವುದು ಒಳ್ಳೆಯದು, ಆರು ವರ್ಷದ ಮಗುವಿನ ಗಮನ ಆರೇಳು ನಿಮಿಷಕ್ಕೇ ಕದಲುತ್ತದೆ. ಮೊದಲ ದಿನವೇ ಬೇಡ. ಅಮ್ಮನನ್ನು ಬಿಟ್ಟು ಬಂದ ದುಃಖದಲ್ಲಿರುವ ಮಗು ಗೊತ್ತಿರುವುದನ್ನೂ ಹೇಳುವುದಿಲ್ಲ.

ಭಾಷೆಯ ಪ್ರಶ್ನೆ ಇದಕ್ಕಿಂತ ತೊಡಕಿನದು. ಮನೆಯಲ್ಲಿ ತುಳು, ಲಂಬಾಣಿ, ಉರ್ದು ಮಾತಾಡುವ ಮಗು "ಎಂಟು ಕೊಡು" ಎಂದಾಗ ಸುಮ್ಮನಿದ್ದರೆ ಅದಕ್ಕೆ ಎಂಟು ಗೊತ್ತಿಲ್ಲವೋ, "ಎಂಟು" ಎಂಬ ಪದ ಗೊತ್ತಿಲ್ಲವೋ? ಅದೇ ಮನೆಮಾತಿನ ಮೂರನೇ ತರಗತಿಯ ಹುಡುಗಿಯೊಬ್ಬಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳಿಂದ ಕೇಳಿಸಿದರೆ ತಿಳಿಯುತ್ತದೆ. ಉತ್ತರ ಹೇಳಿಕೊಡಬೇಡ ಎಂದು ಅವಳಿಗೆ ಮೊದಲೇ ತಾಕೀತು ಮಾಡಬೇಕು, ಅಷ್ಟೆ. ನಲಿಕಲಿಯಲ್ಲಿ ಮೂರು ತರಗತಿಯ ಮಕ್ಕಳು ಒಟ್ಟಿಗೆ ಇರುವುದು ಇಲ್ಲಿ ಅನುಕೂಲಕ್ಕೆ ಬರುತ್ತದೆ.

ಈ ಚಟುವಟಿಕೆಗಳಿಂದ ಬಂದದ್ದನ್ನು ಏನು ಮಾಡುತ್ತೇವೆ ಎಂಬುದರಲ್ಲೂ ಎಡವಟ್ಟಾಗಬಹುದು. ಇಂಗ್ಲೆಂಡಿನಲ್ಲಿ 2015ರಲ್ಲಿ ಮೂರು ಬೇರೆ ಬೇರೆ ಸಂಸ್ಥೆಗಳ ಪ್ರವೇಶ ಪರೀಕ್ಷೆಗಳಲ್ಲಿ ಒಂದನ್ನು ಆರಿಸಿಕೊಳ್ಳಲು ಶಾಲೆಗಳಿಗೆ ಬಿಟ್ಟರು. ಒಂದರ ಫಲಿತಾಂಶವನ್ನು ಇನ್ನೊಂದರ ಜೊತೆ ಹೋಲಿಸಲಾಗದು ಎಂದು ಮರುವರ್ಷವೇ ಆ ಯೋಜನೆಯನ್ನು ಕೈಬಿಟ್ಟರು. 2021ರ ಸೆಪ್ಟೆಂಬರಿನಿಂದ ಅಲ್ಲಿ ಎಲ್ಲರಿಗೂ ಒಂದೇ ಪರೀಕ್ಷೆ ಇದೆ. ಮಗು ಸೇರಿದ ಆರು ವಾರದೊಳಗೆ ಸುಮಾರು ಇಪ್ಪತ್ತು ನಿಮಿಷ ನಡೆಯುತ್ತದೆ. ಆದರೆ ಅದರ ಅಂಕ ಶಿಕ್ಷಕರ ಕೈಗೂ ಸಿಗುವುದಿಲ್ಲ, ಅವರಿಗೆ ಸಿಗುವುದು ಕೆಲವು ವಾಕ್ಯಗಳ ವಿವರಣೆ. ಅಂಕವನ್ನು ಪ್ರಾಥಮಿಕ ಶಾಲೆ ಮುಗಿಯುವಾಗ ಶಾಲೆಯ ಪ್ರಗತಿ ಅಳೆಯಲು ತೆಗೆದಿಡುತ್ತಾರೆ. ಶಾಲೆಗಳನ್ನು ಹೋಲಿಸಲು ಅಂಕ ಬೇಕು, ನಾಳೆಯ ಪಾಠಕ್ಕೆ ತಪ್ಪಿನ ಬಗೆ ಬೇಕು. ಒಂದೇ ಹಾಳೆಯಿಂದ ಎರಡನ್ನೂ ಪಡೆಯಲು ಹೋದರೆ ಶಿಕ್ಷಕರು ಅಂಕ ತುಂಬುತ್ತಾ ಮಗುವನ್ನು ನೋಡುವುದನ್ನು ಬಿಡುತ್ತಾರೆ.

ಹಾಗಾಗಿ ಟಿಪ್ಪಣಿ ಪುಸ್ತಕದಲ್ಲಿ ಮಗುವಿಗೆ ಅರ್ಧ ಪುಟ ಇಟ್ಟು ಅಂಕದ ಬದಲು ಕಂಡದ್ದನ್ನು ಬರೆದರೆ ಸಾಕು: "8 ಕೇಳಿದೆ, 11 ಕೊಟ್ಟ, ಎಣಿಸುತ್ತಾ ನಿಲ್ಲಿಸಲಿಲ್ಲ"; "ಅ = ಅಗಸ"; "29ಕ್ಕೆ ನಿಂತಳು, 30 ಎತ್ತಿಕೊಟ್ಟಾಗ 39". ತಪ್ಪಿದ ಚಟುವಟಿಕೆಗಳನ್ನು ಮಾತ್ರ ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಬೇಕು, ಬೇರೆ ವಸ್ತುಗಳಿಂದ. ಬೀಜದ ಬದಲು ಗುಂಡಿ, ಆನೆ ಇರುವೆಯ ಬದಲು "ರೈಲು", "ಜಿರಲೆ". ಈ ನಡುವೆ ಅಂಜಿಕೆ ಕಳೆದು ಬಾಯಿ ಬಿಟ್ಟ ಮಕ್ಕಳು ಯಾರು, ನಿಜಕ್ಕೂ ಜೊತೆಯಲ್ಲಿ ಕೂತು ಬೀಜ ಸರಿಸಬೇಕಾದವರು ಯಾರು ಎಂಬುದು ಆ ಎರಡನೇ ಸುತ್ತಿನಲ್ಲಿ ಬೇರೆಯಾಗುತ್ತದೆ.